ಲಂಚ ಕೊಡುವುದಿಲ್ಲ ಎಂದು ಸಹಿ ಹಾಕಿದರೆ ಏನೇನು ಒಪ್ಪಿದಂತೆ?

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಇಪ್ಪತ್ತು ಮಂದಿಯನ್ನು ಇಟ್ಟುಕೊಂಡು ಬಿಡಿಭಾಗ ತಯಾರಿಸುವ ವರ್ಕ್‌ಶಾಪಿಗೆ ಬಹುರಾಷ್ಟ್ರೀಯ ಕಂಪನಿಯೊಂದರ ಆರ್ಡರ್ ಸಿಕ್ಕಿತು ಎಂದುಕೊಳ್ಳಿ. ಮಾಲೀಕರು ಮೊದಲು ನೋಡುವುದು ದರ, ಎಷ್ಟು ನಗ, ಯಾವತ್ತು ಕೊಡಬೇಕು, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು. ಆರ್ಡರಿನ ಜೊತೆ ಮೂವತ್ತು ನಲವತ್ತು ಪುಟದ ವೆಂಡರ್ ಕರಾರೂ ಬಂದಿರುತ್ತದೆ. ಅದರ ಹಿಂಭಾಗದಲ್ಲೆಲ್ಲೋ ‘ಲಂಚ ನಿಗ್ರಹ ಮತ್ತು ಕಾನೂನು ಪಾಲನೆ’ ಎಂಬ ಷರತ್ತು ಇರುತ್ತದೆ. ‘ನಾವೇನು ಲಂಚ ಕೊಟ್ಟು ವ್ಯಾಪಾರ ಮಾಡೋರಲ್ಲವಲ್ಲ’ ಎಂದುಕೊಂಡು ಹೆಚ್ಚಿನವರು ಅಲ್ಲಿ ನಿಲ್ಲದೆ ಕೊನೆಯ ಪುಟಕ್ಕೆ ಹೋಗಿ ಸಹಿ ಹಾಕುತ್ತಾರೆ.

ಪ್ರಾಮಾಣಿಕರು ನಿಲ್ಲಬೇಕಾದ ಜಾಗವೇ ಅದು. ಆ ಷರತ್ತು ನಿಮ್ಮ ಪ್ರಾಮಾಣಿಕತೆಯೊಂದನ್ನೇ ಕೇಳುತ್ತಿರುವುದಿಲ್ಲ. ನಿಮ್ಮ ಪರವಾಗಿ ಓಡಾಡುವ ಕನ್ಸಲ್ಟೆಂಟ್, ನಿಮಗೆ ಪ್ಲೇಟಿಂಗ್ ಮಾಡಿಕೊಡುವವರು, ನಿಮ್ಮ ಸರಕು ಒಯ್ಯುವ ಲಾರಿಯ ಚಾಲಕ, ಇವರೆಲ್ಲರ ನಡವಳಿಕೆಗೂ ನೀವೇ ಖಾತರಿ ಕೊಡಬೇಕೆಂದು ಅದು ಕೇಳುತ್ತದೆ. ಮುಂದಿನದಕ್ಕಷ್ಟೇ ಅಲ್ಲ, ಹಿಂದೆ ನಡೆದದ್ದಕ್ಕೂ ಕೇಳುತ್ತದೆ.

ದೊಡ್ಡ ಕಂಪನಿಗೆ ಇದು ಏಕೆ ಬೇಕು

ಕಾಗ್ನಿಜೆಂಟ್ ಕಂಪನಿಯ ಪ್ರಕರಣ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಂಪನಿ 2014ರ ಹೊತ್ತಿಗೆ ಚೆನ್ನೈಯಲ್ಲಿ ದೊಡ್ಡ ಕ್ಯಾಂಪಸ್ ಕಟ್ಟುತ್ತಿತ್ತು. ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿ ಹೇಳಿದ ಪ್ರಕಾರ, ಕಟ್ಟಡದ ಪರವಾನಗಿಗಾಗಿ ತಮಿಳುನಾಡಿನ ಹಿರಿಯ ಸರ್ಕಾರಿ ಅಧಿಕಾರಿಯೊಬ್ಬರಿಗೆ ಸುಮಾರು 20 ಲಕ್ಷ ಡಾಲರ್ ಕೊಡುವಂತೆ ಗುತ್ತಿಗೆದಾರ ಸಂಸ್ಥೆಗೆ ಸೂಚಿಸಲಾಗಿತ್ತು. ಆ ಹಣವನ್ನು ಗುತ್ತಿಗೆದಾರರಿಗೆ ತುಂಬಿಕೊಡಲು ಕಾಮಗಾರಿಯಲ್ಲಿ ಬದಲಾವಣೆಗಳಾಗಿವೆ, ಅದಕ್ಕೆ ಹೆಚ್ಚುವರಿ ವೆಚ್ಚವಾಗಿದೆ ಎಂದು ಸುಳ್ಳು ಬೇಡಿಕೆಪಟ್ಟಿಗಳನ್ನು ಸಿದ್ಧಪಡಿಸಲಾಗಿತ್ತು. ವಿಷಯವನ್ನು 2016ರಲ್ಲಿ ಬಹಿರಂಗಪಡಿಸಿದ್ದು ಕಂಪನಿಯೇ. ಆರೋಪಗಳನ್ನು ಒಪ್ಪದೆ, ನಿರಾಕರಿಸಲೂ ಹೋಗದೆ, 2019ರ ಫೆಬ್ರುವರಿಯಲ್ಲಿ ಅದು ಸುಮಾರು 2.5 ಕೋಟಿ ಡಾಲರ್ ಕಟ್ಟಿ ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು.

ಇಲ್ಲಿ ಗಮನಿಸಬೇಕಾದದ್ದು ಹಣ ಹೋಯಿತೆನ್ನಲಾದ ದಾರಿಯನ್ನು. ದೊಡ್ಡ ಕಂಪನಿಯ ಖಾತೆಯಿಂದ ಅಧಿಕಾರಿಯ ಕೈಗೆ ನೇರವಾಗಿ ಲಂಚ ಹೋಗುವುದು ಕಡಿಮೆ. ಅದು ಗುತ್ತಿಗೆದಾರ, ಏಜೆಂಟ್, ಸರಬರಾಜುದಾರರ ಬಿಲ್ಲಿನೊಳಗೆ ಸೇರಿಕೊಂಡು ಹೋಗುತ್ತದೆ. ಹಾಗಾಗಿ ಕಾನೂನುಗಳೂ ಆ ದಾರಿಯನ್ನೇ ಹಿಡಿದವು. ಅಮೆರಿಕದ 1977ರ ಎಫ್‌ಸಿಪಿಎ ಕಾಯ್ದೆ ವಿದೇಶಿ ಅಧಿಕಾರಿಗಳಿಗೆ ಮೂರನೆಯವರ ಮೂಲಕ ಕೊಡುವುದನ್ನೂ ನಿಷೇಧಿಸುತ್ತದೆ. ಬ್ರಿಟನ್ನಿನ 2010ರ ಲಂಚ ಕಾಯ್ದೆಯ 7ನೇ ಸೆಕ್ಷನ್ ಇನ್ನೂ ಬಿಗಿ. ಕಂಪನಿಯ ಪರವಾಗಿ ಕೆಲಸ ಮಾಡುವ ಯಾರಾದರೂ ಅದರ ವ್ಯವಹಾರಕ್ಕಾಗಿ ಲಂಚ ಕೊಟ್ಟರೆ, ತಡೆಯಲಿಲ್ಲ ಎಂಬ ಕಾರಣಕ್ಕೇ ಕಂಪನಿ ತಪ್ಪಿತಸ್ಥ. ‘ತಡೆಯಲು ಸಾಕಷ್ಟು ವ್ಯವಸ್ಥೆ ಮಾಡಿಕೊಂಡಿದ್ದೆವು’ ಎಂದು ಸಾಬೀತುಪಡಿಸುವುದೊಂದೇ ಅದಕ್ಕಿರುವ ರಕ್ಷಣೆ. ನಮ್ಮ 1988ರ ಭ್ರಷ್ಟಾಚಾರ ತಡೆ ಕಾಯ್ದೆಗೂ 2018ರ ತಿದ್ದುಪಡಿಯಲ್ಲಿ ಇಂಥದ್ದೇ 9ನೇ ಸೆಕ್ಷನ್ ಬಂತು. ಪಾಲುದಾರಿಕೆ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆ.

ನಿಮ್ಮಿಂದ ಸಹಿ ಮಾಡಿಸಿಕೊಂಡ ಷರತ್ತು ಆ ‘ಸಾಕಷ್ಟು ವ್ಯವಸ್ಥೆ’ಯ ಒಂದು ಭಾಗ. ನಾಳೆ ತನಿಖೆ ಬಂದರೆ ಕಂಪನಿ ಮುಂದಿಡುವ ಕಾಗದಗಳಲ್ಲಿ ನಿಮ್ಮ ಸಹಿಯಿರುವ ಪುಟವೂ ಇರುತ್ತದೆ. ಹೀಗಾಗಿ ‘ನಮ್ಮಂಥ ಸಣ್ಣವರಿಗೆ ಇದು ಬೇಡ, ತೆಗೆದುಬಿಡಿ’ ಎಂದರೆ ಯಾವ ಕಂಪನಿಯೂ ಒಪ್ಪುವುದಿಲ್ಲ. ಆದರೆ ಅದರ ಅಳತೆಯನ್ನು ಸರಿಪಡಿಸಿಕೊಡಿ ಎಂದು ಕೇಳುವುದಕ್ಕೆ ಜಾಗ ಇದೆ.

ಷರತ್ತಿನ ಒಳಗೆ ಏನಿರುತ್ತದೆ

ಮಾತುಗಳು ಕಂಪನಿಯಿಂದ ಕಂಪನಿಗೆ ಬದಲಾದರೂ ಸಾರ ಹೆಚ್ಚುಕಡಿಮೆ ಹೀಗಿರುತ್ತದೆ: ‘ಸರಬರಾಜುದಾರರು, ಅವರ ನಿರ್ದೇಶಕರು, ನೌಕರರು, ಏಜೆಂಟರು ಮತ್ತು ಉಪಗುತ್ತಿಗೆದಾರರು ಯಾವುದೇ ವ್ಯಕ್ತಿಗೆ ನೇರವಾಗಿ ಅಥವಾ ಪರೋಕ್ಷವಾಗಿ ಅನುಚಿತ ಲಾಭವನ್ನು ಕೊಟ್ಟಿಲ್ಲ, ಕೊಡುವುದಿಲ್ಲ ಎಂದು ಖಾತರಿ ನೀಡುತ್ತಾರೆ. ನಿಖರವಾದ ಲೆಕ್ಕಪುಸ್ತಕ ಇಡುತ್ತಾರೆ. ಖರೀದಿದಾರರು ಕೇಳಿದಾಗ ಅವುಗಳನ್ನು ತಪಾಸಣೆಗೆ ಒಪ್ಪಿಸುತ್ತಾರೆ. ಈ ಷರತ್ತಿನ ಉಲ್ಲಂಘನೆಯಾದರೆ ಖರೀದಿದಾರರು ಯಾವ ಹೊಣೆಯೂ ಇಲ್ಲದೆ ತಕ್ಷಣ ಕರಾರನ್ನು ಕೊನೆಗೊಳಿಸಬಹುದು; ಅದರಿಂದ ಆಗುವ ಎಲ್ಲ ನಷ್ಟವನ್ನೂ ಸರಬರಾಜುದಾರರು ಭರಿಸಬೇಕು.’

ಮೊದಲ ವಾಕ್ಯದಲ್ಲೇ ಮೂರು ಭಾರ ಇವೆ. ‘ಏಜೆಂಟರು ಮತ್ತು ಉಪಗುತ್ತಿಗೆದಾರರು’ ಎಂದಾಗ ನಿಮ್ಮ ಕಣ್ಣಿಗೆ ಕಾಣದವರ ಕೆಲಸಕ್ಕೂ ನೀವು ಮಾತು ಕೊಟ್ಟಿರಿ. ‘ಕೊಟ್ಟಿಲ್ಲ’ ಎಂದಾಗ ನಿಮ್ಮ ಸಂಸ್ಥೆಯ ಇಡೀ ಹಿಂದಿನ ಚರಿತ್ರೆಗೆ ಮಾತು ಕೊಟ್ಟಿರಿ. ಹದಿನೈದು ವರ್ಷದ ಹಿಂದೆ ವಿದ್ಯುತ್ ಸಂಪರ್ಕ ಪಡೆಯುವಾಗ ನಿಮ್ಮ ತಂದೆಯವರ ಕಾಲದಲ್ಲಿ ನಡೆದದ್ದೂ ಅದರೊಳಗೆ ಬರುತ್ತದೆ. ‘ಯಾವುದೇ ವ್ಯಕ್ತಿಗೆ’ ಎಂದಾಗ ಸರ್ಕಾರಿ ನೌಕರರಷ್ಟೇ ಅಲ್ಲ, ಆ ಕಂಪನಿಯ ಪರ್ಚೇಸ್ ವಿಭಾಗದವರೂ ಸೇರಿದರು. ಆಯುಧಪೂಜೆಯ ಸಿಹಿ ಪೊಟ್ಟಣಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ಆದರೆ ದೀಪಾವಳಿಗೆ ಪರ್ಚೇಸ್ ಮ್ಯಾನೇಜರ್ ಮನೆಗೆ ಹೋದ ಬೆಳ್ಳಿ ದೀಪ, ಪ್ರತಿ ಆರ್ಡರಿಗೆ ಇಂತಿಷ್ಟು ಎಂದು ಅವರಿಗೆ ಕೊಟ್ಟ ಪಾಲು, ಇವು ಸರ್ಕಾರಿ ನೌಕರರಿಗೆ ಸಂಬಂಧಿಸಿದ ನಮ್ಮ ಭ್ರಷ್ಟಾಚಾರ ತಡೆ ಕಾಯ್ದೆಯ ವ್ಯಾಪ್ತಿಗೆ ಬಾರದಿದ್ದರೂ ಷರತ್ತಿನ ಪ್ರಕಾರ ಉಲ್ಲಂಘನೆಯೇ. ಬ್ರಿಟನ್ನಿನ ಕಾಯ್ದೆಯಂತೂ ಖಾಸಗಿಯವರಿಗೆ ಕೊಡುವ ಲಂಚವನ್ನೂ ಅಪರಾಧವೆಂದೇ ಎಣಿಸುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು, ಖಾತರಿ ಎಂಬುದರ ಸ್ವಭಾವ. ಅಪರಾಧದ ವಿಚಾರಣೆಯಲ್ಲಿ ಉದ್ದೇಶ ಏನಿತ್ತು, ಒಪ್ಪಿಗೆ ಇತ್ತೇ ಎಂಬ ಪ್ರಶ್ನೆಗಳು ಬರುತ್ತವೆ. ಖಾತರಿಯ ಮುಂದೆ ಆ ಪ್ರಶ್ನೆಗಳಿಲ್ಲ. ‘ನಡೆದಿಲ್ಲ’ ಎಂದು ಬರೆದುಕೊಟ್ಟಿದ್ದೀರಿ. ನಡೆದಿದೆ ಎಂದು ಗೊತ್ತಾದರೆ ಮಾತು ತಪ್ಪಿದಂತೆ. ನಿಮಗೆ ಗೊತ್ತಿತ್ತೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಪರಿಣಾಮವೂ ಹಾಗೆಯೇ ಹೆಚ್ಚು. ನಮ್ಮ 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ವಾರಂಟಿ ಮುರಿದರೆ ಖರೀದಿದಾರರು ಪರಿಹಾರ ಕೇಳಬಹುದೇ ಹೊರತು, ಅಷ್ಟಕ್ಕೇ ಸರಕನ್ನು ತಿರಸ್ಕರಿಸಿ ಕರಾರು ಮುರಿಯುವಂತಿಲ್ಲ. ಅದು ಗೊತ್ತಿರುವುದರಿಂದಲೇ ಕರಾರು ಬರೆಯುವವರು ‘ತಕ್ಷಣ ಕೊನೆಗೊಳಿಸಬಹುದು’ ಎಂಬ ಸಾಲನ್ನು ಬೇರೆಯಾಗಿ ಸೇರಿಸುತ್ತಾರೆ. ಪರಿಹಾರದ ವಿಷಯದಲ್ಲೂ ಅಷ್ಟೆ. ಸಾಮಾನ್ಯವಾಗಿ ಕರಾರು ಮುರಿದವರು ಸಹಜವಾಗಿ ಉಂಟಾದ, ಮೊದಲೇ ಊಹಿಸಬಹುದಾಗಿದ್ದ ನಷ್ಟವನ್ನಷ್ಟೇ ತುಂಬಿಕೊಡಬೇಕು. ‘ಎಲ್ಲ ನಷ್ಟ’ ಎಂದು ಒಪ್ಪಿಕೊಂಡರೆ ಕಂಪನಿಯ ತನಿಖೆಯ ವೆಚ್ಚ, ವಕೀಲರ ಶುಲ್ಕ ಕೂಡ ನಿಮ್ಮ ತಲೆಯ ಮೇಲೆ ಬರಬಹುದು.

ಇಪ್ಪತ್ತೈದು ಸಾವಿರದ ಒಂದು ಸಾಲು

ಇದು ನಿಜ ಜೀವನದಲ್ಲಿ ಹೇಗೆ ಬಂದು ಕೂರುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಬ್ರಿಟನ್ನಿನ ಕಂಪನಿಯೊಂದರ ಇಲ್ಲಿನ ಘಟಕಕ್ಕೆ ತಿಂಗಳಿಗೆ ಆರು ಲಕ್ಷ ರೂಪಾಯಿಯ ಹಿತ್ತಾಳೆ ಬುಷ್‌ಗಳನ್ನು ಸರಬರಾಜು ಮಾಡುವ ವರ್ಕ್‌ಶಾಪ್. ಅದರ ಒಂದು ಪರವಾನಗಿಯ ನವೀಕರಣ ಬಾಕಿ ಇದೆ. ಮಾಲೀಕರು ವರ್ಷಗಳಿಂದ ಆ ಕೆಲಸಗಳನ್ನು ಒಬ್ಬ ಕನ್ಸಲ್ಟೆಂಟ್ ಕೈಗೆ ಬಿಟ್ಟಿದ್ದಾರೆ. ‘ಸರ್, ಅದೆಲ್ಲ ನಾನು ನೋಡ್ಕೋತೀನಿ, ನೀವು ತಲೆ ಕೆಡಿಸ್ಕೋಬೇಡಿ’ ಎಂಬುದು ಅವರ ಮಾತು. ಪರವಾನಗಿ ಬಂತು. ಬಿಲ್ಲೂ ಬಂತು: ಸರ್ಕಾರಿ ಶುಲ್ಕ 12,400, ಸೇವಾ ಶುಲ್ಕ 15,000, ಇತರೆ ಖರ್ಚು 25,000. ಮಾಲೀಕರು ಒಟ್ಟು ಮೊತ್ತ ನೋಡಿ ಕೊಟ್ಟರು. ಅಕೌಂಟ್ಸ್ ನೋಡಿಕೊಳ್ಳುವವರು ಇಡೀ ಮೊತ್ತವನ್ನು ಟ್ಯಾಲಿಯಲ್ಲಿ ‘ಲೈಸೆನ್ಸ್ ಫೀ’ ಎಂದು ಹಾಕಿದರು.

ವರ್ಷದ ನಂತರ ಖರೀದಿ ಕಂಪನಿಯ ಪರವಾಗಿ ತಪಾಸಣೆಗೆ ಬಂದವರು ಯಂತ್ರಗಳ ಬಳಿ ಹೋಗಲೇ ಇಲ್ಲ. ಅವರು ಕೇಳಿದ್ದು ಲೆಕ್ಕದ ಪುಸ್ತಕ. ಇಂಥ ತಪಾಸಕರ ಕಣ್ಣು ಹೋಗುವ ಜಾಗಗಳು ಹೆಚ್ಚುಕಡಿಮೆ ಒಂದೇ: ಪರವಾನಗಿ, ಕನ್ಸಲ್ಟೆನ್ಸಿ, ಲಿಯೇಸನ್, ಉಡುಗೊರೆ, ದೇಣಿಗೆ, ಇತರೆ ಖರ್ಚು. ಅಲ್ಲಿ ಅವರು ಹುಡುಕುವುದು ಚಿಲ್ಲರೆಯಿಲ್ಲದ ದುಂಡು ಮೊತ್ತ, ರಸೀದಿ ಇಲ್ಲದ ನಗದು, ಮಾಡಿದ ಕೆಲಸಕ್ಕೆ ಹೊಂದದ ಶುಲ್ಕ. 12,400ಕ್ಕೆ ಚಲನ್ ಇತ್ತು. 15,000ಕ್ಕೆ ಸೇವೆಯ ವಿವರ ಇತ್ತು. 25,000ಕ್ಕೆ ಏನೂ ಇರಲಿಲ್ಲ. ಕನ್ಸಲ್ಟೆಂಟರನ್ನು ಕೇಳಿದರೆ ‘ಅದು ಆಫೀಸ್ ಖರ್ಚು’ ಎಂದಷ್ಟೇ ಹೇಳಿದರು.

ಇಲ್ಲಿ ಲಂಚ ಸಾಬೀತಾಗಿಲ್ಲ. ಆದರೂ ಮಾಲೀಕರು ಸಿಕ್ಕಿಬಿದ್ದಿದ್ದಾರೆ, ಏಕೆಂದರೆ ಷರತ್ತಿನಲ್ಲಿ ‘ನಿಖರವಾದ ಲೆಕ್ಕಪುಸ್ತಕ’ ಎಂಬ ಇನ್ನೊಂದು ಖಾತರಿ ಇದೆ. ಶುಲ್ಕವಲ್ಲದ ಹಣವನ್ನು ಶುಲ್ಕವೆಂದು ಬರೆದಾಗಲೇ ಅದು ಮುರಿಯಿತು. ಸಣ್ಣ ಸರಬರಾಜುದಾರರು ಹೆಚ್ಚಾಗಿ ಎಡವುವುದು ಈ ಎರಡನೆಯ ಖಾತರಿಯಲ್ಲಿ. ಲಂಚವನ್ನು ತೋರಿಸಲು ತನಿಖೆ ಬೇಕು, ತಪ್ಪು ನಮೂದನ್ನು ತೋರಿಸಲು ಪುಸ್ತಕ ತೆರೆದರೆ ಸಾಕು.

ಈಗ ಕಂಪನಿ ಕರಾರನ್ನು ಕೊನೆಗೊಳಿಸಿತು ಎಂದಿಟ್ಟುಕೊಳ್ಳಿ. ಆ ದಿನ ಕಂಪನಿಯಿಂದ ಬರಬೇಕಾದ ಬಾಕಿ ಒಂಬತ್ತು ಲಕ್ಷ, ತಯಾರಾಗಿ ಕುಳಿತ ಬುಷ್‌ಗಳು ನಾಲ್ಕು ಲಕ್ಷದ್ದು, ತಂದಿಟ್ಟ ಹಿತ್ತಾಳೆ ಸರಳು ಮೂರು ಲಕ್ಷದ್ದು. ಸರಳನ್ನು ಬೇರೆ ಕೆಲಸಕ್ಕೆ ಬಳಸಬಹುದು. ಆ ಕಂಪನಿಯ ಡ್ರಾಯಿಂಗಿಗೆ ತಕ್ಕಂತೆ ಕೊರೆದ ಬುಷ್‌ಗಳನ್ನು ಇನ್ನೊಬ್ಬರು ಕೊಳ್ಳುವುದಿಲ್ಲ. ಗುಜರಿ ದರಕ್ಕೇ ಕೊಡಬೇಕು. ಒಂಬತ್ತು ಲಕ್ಷದ ಬಾಕಿಯ ಬಗ್ಗೆ ಮಾತ್ರ ಕಾನೂನು ನಿಮ್ಮ ಜೊತೆಗಿದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಪಡೆದು ಒಪ್ಪಿಕೊಂಡ ಸರಕಿಗೆ, ಕರಾರಿನಲ್ಲಿ ಏನೇ ಬರೆದಿದ್ದರೂ, 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ಆದರೆ ಕಂಪನಿ ತನ್ನ ನಷ್ಟದ ಲೆಕ್ಕವನ್ನು ಎದುರಿಗೆ ಇಡುತ್ತದೆ. ವ್ಯಾಜ್ಯ ಮುಗಿಯುವವರೆಗೆ ಸಂಬಳ ಕೊಡುವುದಕ್ಕೆ ಆ ಹಣ ಕೈಯಲ್ಲಿರುವುದಿಲ್ಲ.

ಕಾನೂನು ಮನ್ನಿಸಿದರೂ ಕರಾರು ಮನ್ನಿಸದು

‘ಲಂಚ ಕೊಡದಿದ್ದರೆ ಫೈಲೇ ಏಳುವುದಿಲ್ಲ, ನಾವೇನು ಮಾಡಬೇಕು?’ ಎಂಬ ಪ್ರಶ್ನೆ ನ್ಯಾಯವಾದದ್ದು. ಕಾನೂನು ಅದಕ್ಕೆ ಒಂದು ಬಾಗಿಲು ಇಟ್ಟಿದೆ. ಸರ್ಕಾರಿ ನೌಕರರಿಗೆ ಲಂಚ ಕೊಡುವುದೂ ಏಳು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ಆದರೆ ಬಲವಂತಕ್ಕೆ ಒಳಗಾಗಿ ಕೊಟ್ಟವರು, ಕೊಟ್ಟ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅಪರಾಧಿಗಳಲ್ಲ. ಮೊದಲೇ ತಿಳಿಸಿ, ತನಿಖೆಗೆ ನೆರವಾಗಲೆಂದು ಕೊಟ್ಟರೂ ಅಪರಾಧವಲ್ಲ.

ಕರ್ನಾಟಕದಲ್ಲಿ ಇದಕ್ಕಾಗಿ ಹೋಗಬೇಕಾದ ಜಾಗ ಲೋಕಾಯುಕ್ತ ಪೊಲೀಸ್. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿದ ಮೇಲೆ ಆ ಅಧಿಕಾರ ಮತ್ತೆ ಲೋಕಾಯುಕ್ತಕ್ಕೇ ಬಂದಿದೆ. ದೂರು ದಾಖಲಾದ ಮೇಲೆ ನೋಟುಗಳ ಸಂಖ್ಯೆ ಬರೆದುಕೊಂಡು, ಸಾಕ್ಷಿಗಳ ಎದುರು ಅವಕ್ಕೆ ಫಿನಾಫ್ತಲೀನ್ ಪುಡಿ ಸವರುತ್ತಾರೆ. ಪುಡಿ ಕಣ್ಣಿಗೆ ಕಾಣುವುದಿಲ್ಲ. ಹಣ ಪಡೆದವರ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ದ್ರಾವಣವನ್ನು ಬಾಟಲಿಯಲ್ಲಿ ತುಂಬಿ, ಸೀಲ್ ಮಾಡಿ ಸಾಕ್ಷ್ಯವಾಗಿ ಇಡುತ್ತಾರೆ.

ಈಗ ಕರಾರಿನ ಕಡೆ ತಿರುಗಿ. ಬಲವಂತಕ್ಕೆ ಕೊಟ್ಟು ಏಳು ದಿನದೊಳಗೆ ತಿಳಿಸಿದವರನ್ನು ಕಾನೂನು ಬಿಡುತ್ತದೆ. ಆದರೆ ‘ಕೊಡುವುದಿಲ್ಲ’ ಎಂಬ ಖಾತರಿ ಮುರಿದದ್ದು ಮುರಿದದ್ದೇ. ಹೆಚ್ಚಿನ ಕರಾರುಗಳಲ್ಲಿ ಇದಕ್ಕೆ ವಿನಾಯಿತಿ ಇರುವುದಿಲ್ಲ. ಇದ್ದರೂ ಅದು ಪ್ರಾಣಕ್ಕೆ ಅಪಾಯ ಬಂದ ಸಂದರ್ಭಕ್ಕಷ್ಟೇ. ಸಣ್ಣ ಮೊತ್ತ ಎಂಬ ಸಬೂಬೂ ನಡೆಯುವುದಿಲ್ಲ. ಕೆಲಸ ಬೇಗ ಆಗಲೆಂದು ಕೊಡುವ ಚಿಲ್ಲರೆ ಹಣಕ್ಕೆ ಅಮೆರಿಕದ ಕಾಯ್ದೆಯಲ್ಲಿ ಸಣ್ಣ ವಿನಾಯಿತಿ ಇದೆ; ಬ್ರಿಟನ್ನಿನಲ್ಲಿ ಇಲ್ಲ, ಭಾರತದಲ್ಲೂ ಇಲ್ಲ. ಸರ್ಕಾರವೇ ದರ ಗೊತ್ತುಮಾಡಿ ರಸೀದಿ ಕೊಡುವ ತತ್ಕಾಲ್ ಶುಲ್ಕ ಬೇರೆ. ರಸೀದಿ ಇಲ್ಲದೆ ಕೈ ಬೆಚ್ಚಗೆ ಮಾಡುವುದು ಬೇರೆ.

ಸಹಿಗೆ ಮುನ್ನ ಕೇಳಬಹುದಾದದ್ದು

ಮೊದಲನೆಯದು ಅರಿವಿನ ಮಿತಿ. ನಿಮ್ಮ ಬಗ್ಗೆ, ನಿಮ್ಮ ನೌಕರರ ಬಗ್ಗೆ ಪೂರ್ತಿ ಖಾತರಿ ಕೊಡಿ. ಉಪಗುತ್ತಿಗೆದಾರರು, ಸಾಗಣೆಯವರ ವಿಷಯದಲ್ಲಿ ‘ಸೂಕ್ತ ವಿಚಾರಣೆ ಮಾಡಿದ ಮೇಲೆ ನಮಗೆ ತಿಳಿದಿರುವ ಮಟ್ಟಿಗೆ’ ಎಂದು ಸೇರಿಸಲು ಕೇಳಿ. ದಾರಿಯಲ್ಲಿ ಲಾರಿ ನಿಲ್ಲಿಸಿದಾಗ ಚಾಲಕ ತನ್ನ ಜೇಬಿನಿಂದ ಕೊಟ್ಟದ್ದು ನಿಮಗೆ ಗೊತ್ತಾಗುವುದಾದರೂ ಹೇಗೆ? ಆದರೆ ‘ಸೂಕ್ತ ವಿಚಾರಣೆ’ ಎಂದ ಮೇಲೆ ಅದನ್ನು ಮಾಡಿರಬೇಕು. ಕನ್ಸಲ್ಟೆಂಟ್ ಮತ್ತು ಜಾಬ್ ವರ್ಕ್‌ನವರಿಂದ ಒಂದು ಪುಟದ ಬರಹ ಪಡೆಯಿರಿ. ಪ್ರತಿ ಖರ್ಚಿಗೂ ರಸೀದಿ, ಸರ್ಕಾರಿ ಶುಲ್ಕವನ್ನು ನೀವೇ ಆನ್‌ಲೈನಿನಲ್ಲಿ ಕಟ್ಟುವುದು, ‘ಇತರೆ ಖರ್ಚು’ ಎಂಬ ಸಾಲಿಗೆ ಹಣ ಕೊಡದಿರುವುದು, ಈ ಮೂರನ್ನು ಅದರಲ್ಲಿ ಬರೆಸಿದರೆ ಸಾಕು. ಉದಾಹರಣೆಯ 25,000ದ ಸಾಲು ಅಲ್ಲೇ ನಿಂತುಹೋಗುತ್ತಿತ್ತು.

ಎರಡನೆಯದು ಕಾಲ ಮತ್ತು ವ್ಯಾಪ್ತಿ. ‘ಎಂದೂ ಕೊಟ್ಟಿಲ್ಲ’ ಎಂಬುದರ ಬದಲು ‘ಈ ಕರಾರಿಗೆ ಸಂಬಂಧಿಸಿದಂತೆ ಮತ್ತು ಕಳೆದ ಮೂರು ವರ್ಷಗಳಲ್ಲಿ’ ಎಂದು ಕೇಳಬಹುದು. ತಪಾಸಣೆಗೆ ಹತ್ತು ದಿನದ ನೋಟಿಸ್ ಇರಲಿ, ಈ ಖರೀದಿದಾರರ ವ್ಯವಹಾರಕ್ಕೆ ಸಂಬಂಧಿಸಿದ ಲೆಕ್ಕಕ್ಕೆ ಅದು ಸೀಮಿತವಾಗಿರಲಿ. ನಿಮ್ಮ ಬೇರೆ ಗ್ರಾಹಕರ ದರಪಟ್ಟಿ ಅವರ ಕೈಗೆ ಹೋಗಬಾರದು.

ಮೂರನೆಯದು ಪರಿಣಾಮದ ಮಿತಿ. ಒಪ್ಪಿಕೊಂಡ ಸರಕಿನ ಹಣವನ್ನು ತಡೆಹಿಡಿಯುವಂತಿಲ್ಲ ಎಂದು ಬರೆಸಿಕೊಳ್ಳಿ. ಮೇಲಿನ ಅಧಿಕಾರಿ ಗೊತ್ತಿದ್ದೇ ಕೊಟ್ಟ ಲಂಚವನ್ನೂ ಗುಮಾಸ್ತರ ತಪ್ಪು ನಮೂದನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ, ಎರಡನೆಯದಕ್ಕೆ ಸರಿಪಡಿಸಿಕೊಳ್ಳಲು ಮೂವತ್ತು ದಿನ ಕೇಳಿ. ನಷ್ಟಭರ್ತಿಗೆ ಒಂದು ವರ್ಷದ ಆರ್ಡರ್ ಮೊತ್ತದಷ್ಟು ಮಿತಿ ಕೇಳಿ. ಉದ್ದೇಶಪೂರ್ವಕ ಲಂಚಕ್ಕೆ ಈ ಮಿತಿ ಸಿಗುವುದಿಲ್ಲ, ಕೇಳುವುದೂ ತರವಲ್ಲ.

ಕರಾರಿನ ಜೊತೆ ಬರುವ ಪ್ರಶ್ನಾವಳಿಯಲ್ಲಿ ‘ಮಾಲೀಕರ ಕುಟುಂಬದಲ್ಲಿ ಸರ್ಕಾರಿ ನೌಕರರಿದ್ದಾರೆಯೇ?’ ಎಂಬ ಪ್ರಶ್ನೆ ಸಾಮಾನ್ಯ. ಬಾವ ಕಂದಾಯ ಇಲಾಖೆಯಲ್ಲಿದ್ದರೆ ಇದ್ದಾರೆ ಎಂದೇ ಬರೆಯಿರಿ. ಇರುವುದು ತಪ್ಪಲ್ಲ, ಇಲ್ಲ ಎಂದು ಬರೆದದ್ದು ಸುಳ್ಳು ಖಾತರಿಯಾಗುತ್ತದೆ.

ಇವುಗಳ ಜೊತೆಗೆ ಇನ್ನೊಂದು ವಾಕ್ಯವನ್ನು ಕೇಳಲೇಬೇಕು. ಕರಾರಿನ ಬೇರೊಂದು ಪುಟದಲ್ಲಿ ವಿಳಂಬಕ್ಕೆ ದಂಡ ಇರುತ್ತದೆ, ವಾರಕ್ಕೆ ಇಷ್ಟು ಶೇಕಡಾ ಎಂದು. ಲಂಚ ಕೊಡದ ಕಾರಣಕ್ಕೆ ಪರವಾನಗಿ ಮೂರು ವಾರ ತಡವಾಗಿ, ಆ ಕಾರಣಕ್ಕೆ ಸರಕು ತಡವಾದರೆ, ಮಾತು ಉಳಿಸಿಕೊಂಡವರೇ ದಂಡ ಕಟ್ಟುತ್ತಾರೆ. ಒಂದು ಪುಟ ಕೊಡಬೇಡಿ ಎನ್ನುತ್ತದೆ, ಇನ್ನೊಂದು ಪುಟ ಹೇಗಾದರೂ ಮಾಡಿ ಶುಕ್ರವಾರದೊಳಗೆ ತಲುಪಿಸಿ ಎನ್ನುತ್ತದೆ. ಹಾಗಾಗಿ ಹೀಗೆ ಬರೆಯಲು ಕೇಳಿ: ‘ಲಂಚದ ಬೇಡಿಕೆಯನ್ನು ನಿರಾಕರಿಸಿ, ಅದನ್ನು ಖರೀದಿದಾರರಿಗೆ ಲಿಖಿತವಾಗಿ ತಿಳಿಸಿದ ಕಾರಣಕ್ಕೆ ಆದ ವಿಳಂಬಕ್ಕೆ ದಂಡವಿಲ್ಲ, ಅಷ್ಟು ದಿನಗಳ ಕಾಲಾವಕಾಶ ಹೆಚ್ಚುವರಿಯಾಗಿ ಸಿಗುತ್ತದೆ, ಹೀಗೆ ತಿಳಿಸಿದ್ದೇ ಕರಾರು ಕೊನೆಗೊಳಿಸಲು ಕಾರಣವಾಗಬಾರದು.’

ಕಂಪನಿಗೆ ಇದರಿಂದ ಖರ್ಚಿಲ್ಲ, ಲಾಭವೇ ಇದೆ. ತನಿಖೆ ಬಂದ ದಿನ ‘ಸರಬರಾಜುದಾರರು ಲಂಚ ನಿರಾಕರಿಸಲು ಸಾಧ್ಯವಾಗುವಂತೆ ನಾವೇ ದಾರಿ ಮಾಡಿಕೊಟ್ಟಿದ್ದೆವು’ ಎಂದು ತೋರಿಸಲು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇಲ್ಲ. ಪರ್ಚೇಸ್ ವಿಭಾಗದವರು ಆಗದು ಎಂದರೆ ಅಲ್ಲಿಗೆ ಬಿಡಬೇಡಿ. ಕೋರಿಕೆಯನ್ನು ಇಮೇಲಿನಲ್ಲಿ ಬರೆದು, ಅವರ ಕಾನೂನು ಮತ್ತು ಕಂಪ್ಲಯನ್ಸ್ ವಿಭಾಗಕ್ಕೆ ಕಳುಹಿಸಿ ಎಂದು ಕೇಳಿ. ಲಂಚ ಬೇಡ ಎಂದು ನಿಜವಾಗಿ ಬಯಸುವ ಕಂಪನಿ, ಲಂಚ ಕೊಡದಿರಲು ಬೇಕಾದ ದಿನಗಳನ್ನೂ ಕೊಡಬೇಕು.